61.8ರ ಗೆರೆ ನೋಡಿ ಕೊಳ್ಳೋದನ್ನು ನಾನು ಯಾಕೆ ಬಿಟ್ಟೆ: ಫಿಬೊನಾಚಿ ಮತ್ತು ಪುಲ್‌ಬ್ಯಾಕ್, ನನ್ನ ಅನುಭವ

ಟ್ರೇಡಿಂಗ್ ಶುರು ಮಾಡಿದ ಮೊದಲ ಎರಡು ವರ್ಷ ನನ್ನ ಪ್ರತಿ ಚಾರ್ಟ್‌ನಲ್ಲೂ ಫಿಬೊನಾಚಿ ಗೆರೆಗಳು ಇರುತ್ತಿದ್ದವು. ಏರಿದ ಬೆಲೆ ಸ್ವಲ್ಪ ವಾಪಸ್ ಇಳಿಯೋದೇ ಪುಲ್‌ಬ್ಯಾಕ್. ಆ ಏರಿಕೆಯ ಶೇಕಡಾ 38.2, 50, 61.8ರಷ್ಟು ಬೆಲೆ ಇಳಿದರೆ ಎಲ್ಲಿಗೆ ಬರುತ್ತೆ ಅಂತ ಈ ಗೆರೆಗಳು ತೋರಿಸುತ್ತವೆ, ಅಲ್ಲಿಂದ ಬೆಲೆ ಮತ್ತೆ ಮೇಲೆ ಹೋಗುತ್ತೆ ಅನ್ನೋದು ನಂಬಿಕೆ. ಬೆಲೆ ಏರಿ ಇಳಿಯೋಕೆ ಶುರುವಾದ ಕೂಡಲೇ ಕೆಳಗಿನ ತುದಿಯಿಂದ ಮೇಲಿನ ತುದಿಗೆ ಟೂಲ್ ಎಳೆಯೋದು, 61.8ರ ಗೆರೆ ಎಲ್ಲಿ ಬರುತ್ತೆ ನೋಡೋದು, ಅಲ್ಲಿ ಲಿಮಿಟ್ ಆರ್ಡರ್ ಹಾಕಿ ಕಾಯೋದು. ಇಷ್ಟೇ ನನ್ನ ಕೆಲಸ. ಕೆಲವು ಸಲ ಬೆಲೆ ಆ ಗೆರೆಯನ್ನು ಕೂದಲೆಳೆಯಷ್ಟು ಮುಟ್ಟಿ ಮೇಲೆ ಹೋಗುತ್ತಿತ್ತು. ಅಂಥ ಚಾರ್ಟ್‌ಗಳೇ ಮನಸ್ಸಿನಲ್ಲಿ ಉಳಿದುಬಿಡುತ್ತವೆ.

ನನ್ನ ಕಣ್ಣು ತೆರೆಸಿದ್ದು ಒಂದು ನಷ್ಟ. ಒಂದು ಷೇರು 210ರಿಂದ 260ಕ್ಕೆ ಏರಿತ್ತು, 50 ಪಾಯಿಂಟ್. 61.8ರ ಗೆರೆ 229.1ರಲ್ಲಿ ಬಂತು. ಆರ್ಡರ್ ಹಾಕಿದೆ. ಬೆಲೆ ಅಲ್ಲಿಗೆ ಬಂತು, ಆರ್ಡರ್ ತುಂಬಿತು, ಒಂದು ಕ್ಷಣವೂ ನಿಲ್ಲದೆ ಹಾಗೇ ಕೆಳಗೆ ಹೋಯಿತು. 78.6ರ ಗೆರೆ 220.7ರಲ್ಲಿತ್ತು, ಅಲ್ಲಿ ಇನ್ನಷ್ಟು ಕೊಂಡೆ. ಅದೂ ನಿಲ್ಲಲಿಲ್ಲ. 210 ಮುರಿದು 204ಕ್ಕೆ ಬಂದಾಗ ಹೊರಬಂದೆ. ಆಮೇಲೆ ಗೆರೆಗಳನ್ನೆಲ್ಲ ಅಳಿಸಿ ಒಂದೊಂದು ದಿನದ ಬೆಲೆ ತೋರಿಸುವ ಬರೀ ಕ್ಯಾಂಡಲ್‌ಗಳನ್ನು ನೋಡಿದೆ. ಏರುವಾಗ 225ರಿಂದ 238ರವರೆಗಿನ ದೂರವನ್ನು ಬೆಲೆ ಎರಡೇ ದೊಡ್ಡ ಕ್ಯಾಂಡಲ್‌ನಲ್ಲಿ ದಾಟಿತ್ತು. ಅಲ್ಲಿ ಬೆಲೆ ಒಂದು ದಿನವೂ ಕೂತಿರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಆ ಮಟ್ಟದಲ್ಲಿ ಒಂದು ತಿರುವೂ ಇರಲಿಲ್ಲ. ಅಂದ್ರೆ 229ರಲ್ಲಿ ಕೊಳ್ಳೋಕೆ ಯಾರಿಗೂ ಯಾವ ಕಾರಣವೂ ಇರಲಿಲ್ಲ, ನನ್ನ ಹಾಗೆ ಅದೇ ಟೂಲ್ ಎಳೆದವರನ್ನು ಬಿಟ್ಟರೆ.

ಹಾಗಾದ್ರೆ ಗೆರೆ ಮುಟ್ಟಿ ಮೇಲೆ ಹೋದ ಆ ಎಲ್ಲ ಚಾರ್ಟ್‌ಗಳ ಕಥೆ ಏನು? ಇದನ್ನು ತಿಳಿಯೋಕೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಹೆಚ್ಚಿನ ಚಾರ್ಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಫಿಬೊನಾಚಿ ಟೂಲ್‌ನ ಸಂಖ್ಯೆಗಳನ್ನು ನಾವೇ ಬದಲಾಯಿಸಬಹುದು. ನಾನು 38.2, 50, 61.8 ತೆಗೆದು 30, 45, 55, 70 ಅಂತ ಸುಮ್ನೆ ಮನಸ್ಸಿಗೆ ಬಂದ ಸಂಖ್ಯೆಗಳನ್ನು ಹಾಕಿದೆ. ನನ್ನ ಹಳೇ ಚಾರ್ಟ್‌ಗಳ ಮೇಲೆ ಮತ್ತೆ ಎಳೆದೆ. ಅವೂ ಕೆಲಸ ಮಾಡಿದವು! ಒಂದು ಚಾರ್ಟ್‌ನಲ್ಲಿ ಬೆಲೆ 55ರಿಂದ ತಿರುಗಿತ್ತು, ಇನ್ನೊಂದರಲ್ಲಿ 70ರಿಂದ. ಅರ್ಧ ದಿನ ಅದನ್ನೇ ನೋಡುತ್ತಾ ಕೂತಿದ್ದೆ.

ಇದಕ್ಕೆ ಉತ್ತರ ಬರೀ ಲೆಕ್ಕದಲ್ಲೇ ಇದೆ. ಬೆಲೆ 412ರಿಂದ 486ಕ್ಕೆ ಏರಿದೆ ಅಂದುಕೊಳ್ಳಿ, 74 ಪಾಯಿಂಟ್. 23.6, 38.2, 50, 61.8, 78.6ರ ಐದು ಗೆರೆಗಳು 468.5, 457.7, 449, 440.3, 427.8ರಲ್ಲಿ ಬರುತ್ತವೆ. ಇವುಗಳಲ್ಲಿ ಅತಿ ದೊಡ್ಡ ಅಂತರ ಕೊನೆಯ ಎರಡರ ನಡುವೆ ಇದೆ, ಸುಮಾರು 12.4. ಅಂದ್ರೆ ಈ ಐದು ಗೆರೆಗಳ ನಡುವೆ ಬೆಲೆ ಎಲ್ಲೇ ತಿರುಗಿದರೂ ಯಾವುದೋ ಒಂದು ಗೆರೆಯಿಂದ ಅದು 6.2 ಪಾಯಿಂಟ್‌ಗಿಂತ ದೂರ ಇರೋಕೆ ಸಾಧ್ಯವೇ ಇಲ್ಲ. ಈ ಷೇರು ಒಂದೇ ದಿನದಲ್ಲಿ ಸರಾಸರಿ 9 ಪಾಯಿಂಟ್ ಓಡಾಡುತ್ತಿತ್ತು. ಹಾಗಿರುವಾಗ ಬೆಲೆ ಎಲ್ಲಿ ತಿರುಗಿದರೂ ‘ನೋಡಿ, ಫಿಬೊನಾಚಿ ಗೆರೆಯಿಂದಲೇ ತಿರುಗಿತು’ ಅಂತ ಹೇಳಬಹುದು, ಅಲ್ವಾ? ಇನ್ನೊಂದು ಸ್ವಿಂಗ್‌ನಿಂದ ಎರಡನೇ ಟೂಲ್ ಎಳೆದರಂತೂ ಚಾರ್ಟ್‌ನಲ್ಲಿ ಖಾಲಿ ಜಾಗವೇ ಉಳಿಯೋದಿಲ್ಲ.

ಜಾಸ್ತಿ ಜನ ನೋಡ್ತಾರೆ, ಅದಕ್ಕೇ ಗೆರೆ ಕೆಲಸ ಮಾಡುತ್ತೆ ಅಂತ ಒಂದು ಮಾತಿದೆ. ನಾನೂ ಅದನ್ನು ನಂಬಿದ್ದೆ. ಆದರೆ ಒಂದೇ ಚಾರ್ಟ್ ಮೇಲೆ ಇಬ್ಬರು ಟೂಲ್ ಎಳೆದರೆ ಗೆರೆಗಳು ಒಂದೇ ಕಡೆ ಬರೋದು ಅಪರೂಪ. ಒಬ್ಬರು ಹತ್ತಿರದ ಸ್ವಿಂಗ್ ಲೋ, ಅಂದ್ರೆ ಬೆಲೆ ಇಳಿದು ಮೇಲಕ್ಕೆ ತಿರುಗಿದ ಜಾಗ ಹಿಡಿದಿರುತ್ತಾರೆ, ಇನ್ನೊಬ್ಬರು ಅದರ ಹಿಂದಿನದ್ದು. ಒಬ್ಬರು ಬಾಲದ ತುದಿಯಿಂದ, ಅಂದ್ರೆ ದಿನದ ಗರಿಷ್ಠ ಅಥವಾ ಕನಿಷ್ಠದಿಂದ ಎಳೆದರೆ ಇನ್ನೊಬ್ಬರು ಕ್ಯಾಂಡಲ್‌ನ ದೇಹದಿಂದ, ಅಂದ್ರೆ ದಿನ ತೆರೆದ ಅಥವಾ ಮುಗಿದ ಬೆಲೆಯಿಂದ. ಎಲ್ಲರೂ ಒಂದೇ ಥರ ಎಳೆದರೂ ಒಬ್ಬರಿಗೆ 38.2 ಇಷ್ಟ, ಮತ್ತೊಬ್ಬರಿಗೆ 61.8. ಹಾಗಾಗಿ ಆ ಜನರ ಆರ್ಡರ್‌ಗಳು ಚದುರಿಹೋಗಿರುತ್ತವೆ. ಅದೇ, ಬೆಲೆ ಮೂರು ಸಲ ಬಂದು ವಾಪಸ್ ಹೋದ ಒಂದು ಹಳೇ ರೆಸಿಸ್ಟೆನ್ಸ್ ಇದೆ ಅನ್ನಿ. ಅದು ಟೂಲ್ ಇಲ್ಲದೆ ಎಲ್ಲರ ಕಣ್ಣಿಗೂ ಒಂದೇ ಜಾಗದಲ್ಲಿ ಕಾಣುತ್ತೆ. ಅಲ್ಲಿ ನಿಜವಾದ ಜನರ ನಿಜವಾದ ದುಡ್ಡು ಸಿಕ್ಕಿಹಾಕಿಕೊಂಡಿರುತ್ತೆ. ಬೆಲೆ ಅದನ್ನು ದಾಟಿ ಮೇಲೆ ಹೋಯಿತು ಅನ್ನಿ, ಇದೇ ಬ್ರೇಕ್‌ಔಟ್. ಆ ಮಟ್ಟದಲ್ಲಿ ಶಾರ್ಟ್ ಮಾಡಿ, ಅಂದ್ರೆ ಬೆಲೆ ಇಳಿಯುತ್ತೆ ಅಂತ ಮೊದಲೇ ಮಾರಿ ನಷ್ಟದಲ್ಲಿರುವವರು ಬೆಲೆ ವಾಪಸ್ ಬಂದರೆ ಸಾಕು ಅಂತ ಕಾಯುತ್ತಿರುತ್ತಾರೆ. ಬಂದರೆ ಅವರು ಕೊಂಡು ಹೊರಬರುತ್ತಾರೆ. ಬ್ರೇಕ್‌ಔಟ್ ತಪ್ಪಿಸಿಕೊಂಡವರೂ ಅಲ್ಲೇ ಕಾಯುತ್ತಿರುತ್ತಾರೆ. ಕೊಳ್ಳುವ ಕೈಗಳು ಬರೋದು ಅಲ್ಲಿಂದ, 0.618 ಅನ್ನೋ ಸಂಖ್ಯೆಯಿಂದ ಅಲ್ಲ.

ಅಂದ ಹಾಗೆ, ನನ್ನ ಅನುಭವದಲ್ಲಿ ತುಂಬಾ ಉಪಯೋಗಕ್ಕೆ ಬರುವ 50ರ ಗೆರೆ ಫಿಬೊನಾಚಿ ಸಂಖ್ಯೆಯೇ ಅಲ್ಲ. ಫಿಬೊನಾಚಿ ಸರಣಿ ಅಂದ್ರೆ ಹಿಂದಿನ ಎರಡನ್ನು ಕೂಡಿದರೆ ಮುಂದಿನದ್ದು ಬರುವ ಸಂಖ್ಯೆಗಳ ಸಾಲು. ಆ ಸರಣಿಯಲ್ಲಿ ಒಂದು ಸಂಖ್ಯೆಯನ್ನು ಅದರ ಮುಂದಿನದ್ದರಿಂದ ಭಾಗಿಸುತ್ತಾ ಹೋದರೆ 0.618ರ ಹತ್ತಿರ ಬರುತ್ತೆ. ಅದನ್ನು ಅದರಿಂದಲೇ ಗುಣಿಸಿದರೆ 0.382. 50 ಅನ್ನೋದು ಸುಮ್ನೆ ಅರ್ಧ, ಮೊದಲಿನಿಂದಲೂ ವ್ಯಾಪಾರಿಗಳು ನೋಡುತ್ತಾ ಬಂದದ್ದು. ಟೂಲ್ ಒಳಗೆ ಅದೂ ಸೇರಿಕೊಂಡಿದೆ.

ಇಷ್ಟೆಲ್ಲ ಆದಮೇಲೂ ನಾನು ಟೂಲ್ ಬಿಡಲಿಲ್ಲ. ಬದಲಾಯಿಸಿದ್ದು ಅದರ ಸರದಿಯನ್ನು. ಮೊದಲು ಫಿಬೊನಾಚಿ ಎಳೆದು ಆಮೇಲೆ ಕಾರಣ ಹುಡುಕುತ್ತಿದ್ದೆ. ಹಾಗೆ ಹುಡುಕಿದರೆ ಯಾವ ಗೆರೆಗೂ ಒಂದಲ್ಲ ಒಂದು ಕಾರಣ ಸಿಕ್ಕೇ ಸಿಗುತ್ತೆ. ಎಲ್ಲೋ ಒಂದು ಟ್ರೆಂಡ್‌ಲೈನ್, ಯಾವುದೋ ಒಂದು ಮೂವಿಂಗ್ ಆವರೇಜ್. ಅದನ್ನು ಕಾನ್‌ಫ್ಲುಯೆನ್ಸ್ ಅಂತ, ಅಂದ್ರೆ ಹಲವು ಕಾರಣ ಒಂದೇ ಕಡೆ ಕೂಡಿಬಂದಿವೆ ಅಂತ ಕರೆಯೋಕೆ ನನಗೆ ಈಗ ಮನಸ್ಸಿಲ್ಲ. ಈಗ ಫಿಬೊನಾಚಿ ಕೊನೆಗೆ. ಮೊದಲು ಖಾಲಿ ಚಾರ್ಟ್‌ನಲ್ಲಿ ಹಳೇ ಸಪೋರ್ಟ್, ರೆಸಿಸ್ಟೆನ್ಸ್ ಮಟ್ಟಗಳನ್ನು ಗುರುತಿಸುತ್ತೇನೆ. ಆಮೇಲೆ 50 ದಿನದ ಮೂವಿಂಗ್ ಆವರೇಜ್, ಅಂದ್ರೆ ಕಳೆದ 50 ದಿನದ ಬೆಲೆಗಳ ಸರಾಸರಿ ಹಾಕುತ್ತೇನೆ, ಯಾವಾಗಲೂ ಅದೊಂದೇ. ಒಂದು ಸಲ 20, ಇನ್ನೊಂದು ಸಲ 34 ಅಂತ ಬದಲಾಯಿಸಿದರೆ ಮತ್ತೆ ಅದೇ ಮೋಸ. ಇವೆರಡನ್ನೂ ಬರೆದಿಟ್ಟುಕೊಂಡ ಮೇಲೆ ಫಿಬೊನಾಚಿ ಎಳೆಯುತ್ತೇನೆ. ಗೆರೆ ಬಂದು ಮೊದಲೇ ಗುರುತಿಸಿದ ಮಟ್ಟದ ಮೇಲೆ ಕೂತರೆ ಸರಿ. ಕೂರದಿದ್ದರೆ ಆ ಚಾರ್ಟ್ ಮುಚ್ಚುತ್ತೇನೆ.

ಮೇಲೆ ಲೆಕ್ಕಕ್ಕೆ ತೆಗೆದುಕೊಂಡ 412, 486 ನಿಜವಾದ ಟ್ರೇಡ್‌ನದ್ದೇ. ಅದನ್ನು ಪೂರ್ತಿ ಹೇಳುತ್ತೇನೆ.

ಆ ಷೇರು ಎರಡು ತಿಂಗಳಿಗಿಂತ ಜಾಸ್ತಿ 450ರ ಕೆಳಗೇ ಇತ್ತು. 448ರಿಂದ 450ರ ನಡುವೆ ಮೂರು ಸಲ ಹೋಗಿ ವಾಪಸ್ ಬಂದಿತ್ತು. ಕೊನೆಯ ಸಲ 412ಕ್ಕೆ ಇಳಿದು, ಅಲ್ಲಿಂದ ಎದ್ದು, ಒಳ್ಳೇ ವಾಲ್ಯೂಮ್‌ನಲ್ಲಿ 450 ದಾಟಿ 486 ಮುಟ್ಟಿತು. ವಾರದ ಚಾರ್ಟ್ ಕೂಡ ಏರುಮುಖವಾಗಿತ್ತು. 486ರಿಂದ ಇಳಿಯೋಕೆ ಶುರುವಾದಾಗ ನಾನು ಮೊದಲು ಮಾಡಿದ್ದು 448–450ಕ್ಕೆ ಒಂದು ಪಟ್ಟಿ ಎಳೆದದ್ದು. 50 ದಿನದ ಆವರೇಜ್ 446ರ ಹತ್ತಿರ ಇತ್ತು. ಆಮೇಲೆ ಟೂಲ್:

```
486 − (74 × 0.382) = 457.7
486 − (74 × 0.5)   = 449.0
486 − (74 × 0.618) = 440.3
```

412ನ್ನೇ ಯಾಕೆ ಹಿಡಿದೆ ಅಂದ್ರೆ, 450ನ್ನು ಮುರಿದ ಏರಿಕೆ ಶುರುವಾದದ್ದೇ ಅಲ್ಲಿಂದ. ನನ್ನ ನಿಯಮ ಇಷ್ಟೇ: ಹಳೇ ತುದಿಯನ್ನು ಮುರಿದ ಏರಿಕೆ ಯಾವುದೋ ಅದರ ಬುಡ, ಅದರ ತುದಿ, ಎರಡೂ ಬಾಲದಿಂದ. ಪ್ರತಿ ಸಲವೂ ಹೀಗೇ. ಬೇಕಾದ ಕಡೆ ಗೆರೆ ಬರಲಿ ಅಂತ ಬುಡವನ್ನು ಬದಲಾಯಿಸೋಕೆ ಶುರು ಮಾಡಿದರೆ ಅದಕ್ಕೆ ಕೊನೆಯೇ ಇರೋದಿಲ್ಲ.

50ರ ಗೆರೆ 449ಕ್ಕೆ ಬಂತು, ನಾನು ಮೊದಲೇ ಎಳೆದ ಪಟ್ಟಿಯ ಒಳಗೆ. ಹತ್ತಿರ ಅಂದ್ರೆ ಎಷ್ಟು ಹತ್ತಿರ ಅನ್ನೋದಕ್ಕೂ ಒಂದು ಅಳತೆ ಬೇಕು, ಇಲ್ಲದಿದ್ದರೆ ಕಣ್ಣು ಬೇಕಾದ್ದನ್ನೇ ನೋಡುತ್ತೆ. ನಾನು 14 ದಿನದ ಎಟಿಆರ್‌ನ ಅರ್ಧ ಇಟ್ಟುಕೊಂಡಿದ್ದೇನೆ. ಎಟಿಆರ್ ಅಂದ್ರೆ ಷೇರು ದಿನಕ್ಕೆ ಸರಾಸರಿ ಎಷ್ಟು ಓಡಾಡುತ್ತೆ ಅನ್ನೋ ಅಳತೆ. ಇಲ್ಲಿ ಅದು 9, ಅರ್ಧ ಅಂದ್ರೆ 4.5. ಹಳೇ ರೆಸಿಸ್ಟೆನ್ಸ್, ಆವರೇಜ್, 50ರ ಗೆರೆ ಮೂರೂ 446ರಿಂದ 450ರೊಳಗೆ ಸಿಕ್ಕವು. ಅಂತರ 4 ಪಾಯಿಂಟ್, ಅಳತೆಯೊಳಗೆ. 457.7ರಲ್ಲಾಗಲಿ 440.3ರಲ್ಲಾಗಲಿ ಬೇರೆ ಏನೂ ಇರಲಿಲ್ಲ. ಅವೆರಡನ್ನೂ ಅಲ್ಲೇ ಕೈಬಿಟ್ಟೆ.

ಮೂರು ಅಂತ ಹೇಳಿದೆ, ಆದರೆ ಮೂರಕ್ಕೂ ಒಂದೇ ತೂಕ ಇಲ್ಲ. ಮೂವಿಂಗ್ ಆವರೇಜ್ ಅದೇ ಬೆಲೆಗಳಿಂದಲೇ ಹುಟ್ಟಿದ್ದು. ಬೆಲೆ ಎರಡು ತಿಂಗಳು 450ರ ಕೆಳಗೆ ಓಡಾಡಿದ್ದಕ್ಕೇ ಆವರೇಜ್ ಅಲ್ಲಿಗೆ ಬಂದು ಕೂತಿದೆ. ಆದ್ದರಿಂದ ಅದು ಅರ್ಧ ಸಾಕ್ಷಿ ಮಾತ್ರ. ಆರ್‌ಎಸ್‌ಐ, ಸ್ಟೊಕ್ಯಾಸ್ಟಿಕ್ ಇಂಥ ಬೆಲೆಯಿಂದಲೇ ಲೆಕ್ಕ ಹಾಕುವ ಸೂಚಕಗಳನ್ನು ನಾನು ಎಣಿಸೋದೇ ಇಲ್ಲ, ಯಾಕಂದ್ರೆ ಬೆಲೆ ಇಳಿದರೆ ಅವೂ ಇಳಿದೇ ಇಳಿಯುತ್ತವೆ, ಹೊಸದಾಗಿ ಏನೂ ಹೇಳೋದಿಲ್ಲ. ವಾರದ ಚಾರ್ಟ್‌ನ 38.2 ಮತ್ತು ದಿನದ ಚಾರ್ಟ್‌ನ 61.8 ಒಂದೇ ಕಡೆ ಬಂದರೆ ಅದನ್ನು ದೊಡ್ಡ ಕಾನ್‌ಫ್ಲುಯೆನ್ಸ್ ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ಗೆರೆ ಜಾಸ್ತಿ ಆದಷ್ಟೂ ಅವು ಒಂದರ ಮೇಲೊಂದು ಬೀಳೋದು ಸಹಜ, ಮೇಲಿನ ಲೆಕ್ಕ ಅಲ್ಲೂ ಅನ್ವಯಿಸುತ್ತೆ. ನನಗೆ ಹಳೇ ಮಟ್ಟ ಇರಲೇಬೇಕು. ಅದಿಲ್ಲದೆ ಉಳಿದದ್ದು ಎಷ್ಟೇ ಇದ್ದರೂ ಟ್ರೇಡ್ ಇಲ್ಲ.

ಹಾಗಾದ್ರೆ ಹಳೇ ಮಟ್ಟ ಒಂದೇ ಸಾಕಲ್ಲ, ಫಿಬೊನಾಚಿ ಯಾಕೆ? ಇದನ್ನು ಒಬ್ಬ ಸ್ನೇಹಿತರೂ ಕೇಳಿದ್ದರು. ನನಗೆ ಅದು ಕೊಡೋದು ಆಳದ ಅಳತೆ. ಹಳೇ ಮಟ್ಟ 23.6ರ ಹತ್ತಿರ ಇದ್ದರೆ ಬೆಲೆ ಇನ್ನೂ ಸರಿಯಾಗಿ ಇಳಿದೇ ಇಲ್ಲ. ಅಲ್ಲಿ ಕೊಂಡರೆ ಸ್ಟಾಪ್ ಲಾಸ್, ಅಂದ್ರೆ ನಷ್ಟ ನಿಲ್ಲಿಸಿ ಹೊರಬರುವ ಬೆಲೆ ಎಲ್ಲಿಡೋದು ಅಂತ ಗೊತ್ತಾಗೋದಿಲ್ಲ, ಹಳೇ ತುದಿಯವರೆಗೆ ಸಿಗುವ ಲಾಭವೂ ಕಮ್ಮಿ. 78.6ರ ಹತ್ತಿರ ಇದ್ದರೆ ಆ ಏರಿಕೆ ಹೆಚ್ಚುಕಮ್ಮಿ ಅಳಿಸಿಹೋಗಿದೆ, ಕೊಳ್ಳುವವರಿಗೆ ಬಲ ಇದ್ದಿದ್ದರೆ ಅಷ್ಟು ಇಳಿಯೋಕೆ ಬಿಡುತ್ತಿರಲಿಲ್ಲ. 38.2ರಿಂದ 61.8ರ ನಡುವೆ ಹಳೇ ಮಟ್ಟ ಇದ್ದರೆ ಆಗ ನನಗೆ ಕೆಲಸ ಇದೆ.

ಇನ್ನು ಟ್ರೇಡ್‌ಗೆ ಬರೋಣ. ಬೆಲೆ ಆ ಪಟ್ಟಿಗೆ ಹೇಗೆ ಬರುತ್ತೆ ಅನ್ನೋದು ಎಲ್ಲಿಗೆ ಬರುತ್ತೆ ಅನ್ನೋದರಷ್ಟೇ ಮುಖ್ಯ. ಈ ಸಲ ಮೊದಲ ಎರಡು ದಿನ ಇಳಿಕೆ ಜೋರಾಗಿತ್ತು, ಆಮೇಲೆ ಕ್ಯಾಂಡಲ್‌ಗಳು ಸಣ್ಣದಾಗುತ್ತಾ ಬಂದವು, ವಾಲ್ಯೂಮ್ ಕೂಡ ಕಮ್ಮಿಯಾಗುತ್ತಾ ಬಂತು. ಮಾರುವವರು ದಣಿಯುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಆದರೂ ಲಿಮಿಟ್ ಆರ್ಡರ್ ಹಾಕಲಿಲ್ಲ. ಒಂಬತ್ತನೇ ದಿನ ಬೆಲೆ 450ರಲ್ಲಿ ತೆರೆದು, 445.6ಕ್ಕೆ ಇಳಿದು, ಮೇಲೆ ಬಂದು 452ರಲ್ಲಿ ಮುಗಿಯಿತು. ದಿನದ ಗರಿಷ್ಠ 453. ಕೆಳಗೆ ಉದ್ದ ಬಾಲ, ಮೇಲೆ ಸಣ್ಣ ದೇಹ. ಪಟ್ಟಿಯ ಕೆಳಗೆ ಹೋಗಿ ಅಲ್ಲಿ ನಿಲ್ಲಲಾರದೆ ಪಟ್ಟಿಯ ಮೇಲೆ ಮುಗಿದಿದೆ. ನಾನು ಕಾಯುತ್ತಿದ್ದದ್ದು ಇದಕ್ಕೇ.

ಮರುದಿನಕ್ಕೆ 453.5ರಲ್ಲಿ ಬೈ ಸ್ಟಾಪ್ ಆರ್ಡರ್ ಹಾಕಿದೆ, ಅಂದ್ರೆ ಹಿಂದಿನ ದಿನದ ಗರಿಷ್ಠವನ್ನು ದಾಟಿದರೆ ಮಾತ್ರ ಕೊಳ್ಳೋದು. ಸ್ಟಾಪ್ ಲಾಸ್ ಬಗ್ಗೆ ಸ್ವಲ್ಪ ಯೋಚನೆ ಮಾಡಬೇಕಾಯಿತು. ಕ್ಯಾಂಡಲ್‌ನ ಕನಿಷ್ಠದಿಂದ ಅರ್ಧ ಎಟಿಆರ್ ಕೆಳಗೆ ಅಂದ್ರೆ 441.1 ಬರುತ್ತೆ. ಆದರೆ 61.8ರ ಗೆರೆ 440.3ರಲ್ಲಿದೆ. ಆ ಗೆರೆಗೆ ಬೆಲೆಯನ್ನು ನಿಲ್ಲಿಸುವ ಶಕ್ತಿ ಇಲ್ಲದಿದ್ದರೂ ಅಲ್ಲಿ ಒಂದಿಷ್ಟು ಆರ್ಡರ್‌ಗಳು ಇದ್ದೇ ಇರುತ್ತವೆ. ಬೆಲೆ ಅವನ್ನು ಮುಟ್ಟಿಬರೋಕೆ ಕೆಳಗೆ ಬಂದರೆ ನನ್ನ ಸ್ಟಾಪ್ ಮೊದಲು ಹೊಡೆಯುತ್ತೆ. ಅದಕ್ಕೆ ಗೆರೆಯ ಕೆಳಗೆ, 438.5ರಲ್ಲಿ ಇಟ್ಟೆ. ಒಂದು ಷೇರಿಗೆ ರಿಸ್ಕ್ 15. ಹಳೇ ತುದಿ 486ರವರೆಗೆ 32.5, ರಿಸ್ಕ್‌ನ ಎರಡರಷ್ಟಕ್ಕಿಂತ ಜಾಸ್ತಿ. ಎರಡು ಪಟ್ಟು ಸಿಗದಿದ್ದರೆ ನಾನು ಟ್ರೇಡ್ ತೆಗೆದುಕೊಳ್ಳೋದಿಲ್ಲ, ಕಾನ್‌ಫ್ಲುಯೆನ್ಸ್ ಎಷ್ಟೇ ಚೆನ್ನಾಗಿದ್ದರೂ. ಎಷ್ಟು ಷೇರು ಅನ್ನೋದು ಈ 15ರಿಂದಲೇ ಬರುತ್ತೆ: ಖಾತೆಯ ಒಂದು ಪರ್ಸೆಂಟ್ 3000 ಆದರೆ, ಅದನ್ನು 15ರಿಂದ ಭಾಗಿಸಿ 200 ಷೇರು.

ಕ್ಯಾಂಡಲ್ ಮುಗಿಯುವವರೆಗೆ ಕಾದದ್ದಕ್ಕೆ ಬೆಲೆ ತೆರಬೇಕಾಯಿತು, ಅದು ನಿಜ. 449ರಲ್ಲಿ ಸಿಗಬಹುದಿದ್ದದ್ದು 453.5ಕ್ಕೆ ಸಿಕ್ಕಿತು. ಆ ನಾಲ್ಕೂವರೆ ಪಾಯಿಂಟ್ ನನಗೆ ಒಪ್ಪಿಗೆ. 229ರಲ್ಲಿ ಆದದ್ದು ಇನ್ನೂ ನೆನಪಿದೆ.

ಆರ್ಡರ್ ಮರುದಿನವೇ ತುಂಬಿತು, ಬೆಲೆ 459ಕ್ಕೆ ಹೋಯಿತು. ಮೂರನೇ ದಿನ ವಾಪಸ್ 450.5ಕ್ಕೆ ಬಂತು. ಎದೆ ಹೊಡೆದುಕೊಂಡದ್ದು ನಿಜ, ಆದರೆ ಪಟ್ಟಿಯ ಕೆಳಗೆ ಮುಗಿಯಲಿಲ್ಲ, ಹಾಗಾಗಿ ಏನೂ ಮಾಡಲಿಲ್ಲ. ಹನ್ನೆರಡು ದಿನದಲ್ಲಿ 484 ಬಂತು. ಅಲ್ಲಿ ಅರ್ಧ ಮಾರಿದೆ, 486ಕ್ಕೆ ಸ್ವಲ್ಪ ಮುಂಚೆಯೇ, ಹಳೇ ತುದಿಯಲ್ಲಿ ಮಾರೋಕೆ ಕಾಯುವವರು ಇರುತ್ತಾರೆ ಅಂತ.

ಟ್ರೇಡ್ ಮುಗಿದ ಮೇಲೆ ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಹಳೇ ನಾನಾಗಿದ್ದರೆ 440.3ರಲ್ಲಿ ಆರ್ಡರ್ ಹಾಕಿ ಕೂತಿರುತ್ತಿದ್ದೆ. ಬೆಲೆ 445.6ರಿಂದಲೇ ತಿರುಗಿತು, ಆರ್ಡರ್ ತುಂಬುತ್ತಲೇ ಇರಲಿಲ್ಲ. 38.2ರಲ್ಲಿ, 457.7ಕ್ಕೆ ಕೊಂಡು ಒಂದು ಎಟಿಆರ್ ಕೆಳಗೆ ಸ್ಟಾಪ್ ಇಟ್ಟಿದ್ದರೆ ಅದು 448.7, ಅಂದ್ರೆ ನಷ್ಟದಲ್ಲಿ ಹೊರಗೆ. ಒಂದೇ ಟೂಲ್, ಮೂರು ಗೆರೆ. ಕೆಲಸಕ್ಕೆ ಬಂದದ್ದು ಕೆಳಗೆ ಹಳೇ ಮಟ್ಟ ಇದ್ದ ಒಂದೇ ಗೆರೆ.

ಎಲ್ಲ ಕೂಡಿಬಂದರೂ ಸೋಲೋದು ಉಂಟು. ಇನ್ನೊಂದು ಷೇರು 300ರಿಂದ 340ಕ್ಕೆ ಹೋಗಿತ್ತು. 50ರ ಗೆರೆ 320, ಹಳೇ ರೆಸಿಸ್ಟೆನ್ಸ್ 320, ಆವರೇಜ್ 319. ಇದಕ್ಕಿಂತ ಚೆನ್ನಾಗಿ ಕೂಡಿಬರೋಕೆ ಸಾಧ್ಯವಿಲ್ಲ ಅನ್ನಿಸಿತ್ತು. ಆದರೆ ಬೆಲೆ 340ರಿಂದ 320ಕ್ಕೆ ಬಂದದ್ದು ಮೂರೇ ಕ್ಯಾಂಡಲ್‌ನಲ್ಲಿ, ಒಂದಕ್ಕಿಂತ ಒಂದು ದೊಡ್ಡದು, ವಾಲ್ಯೂಮ್ ದಿನದಿಂದ ದಿನಕ್ಕೆ ಜಾಸ್ತಿ. ವಾರದ ಚಾರ್ಟ್‌ನಲ್ಲಿ ತುದಿಗಳು ಒಂದಕ್ಕಿಂತ ಒಂದು ಕೆಳಗೆ ಬರುತ್ತಿದ್ದವು. ಅಂದ್ರೆ ನಾನು ಪುಲ್‌ಬ್ಯಾಕ್ ಅಂದುಕೊಂಡದ್ದು ಅಸಲಿಗೆ ದೊಡ್ಡ ಇಳಿಕೆಯ ಮುಂದುವರಿದ ಭಾಗ. ಮೂರು ಕಾರಣ ಒಂದೇ ಕಡೆ ಇವೆಯಲ್ಲ ಅಂತ ಕ್ಯಾಂಡಲ್ ಮುಗಿಯೋಕೂ ಕಾಯದೆ ಕೊಂಡೆ. ಸ್ಟಾಪ್ 314ರಲ್ಲಿತ್ತು, ಮರುದಿನ ಹೊಡೆಯಿತು, ಬೆಲೆ 311ಕ್ಕೆ ಹೋಯಿತು. ನಷ್ಟ ಒಂದು ಪರ್ಸೆಂಟ್‌ನೊಳಗೇ ಇತ್ತು. ಆದರೆ ಅವತ್ತಿನಿಂದ ಎರಡು ವಿಷಯ ಸೇರಿಸಿಕೊಂಡೆ. ವಾರದ ಚಾರ್ಟ್ ಇಳಿಮುಖವಾಗಿದ್ದರೆ ದಿನದ ಚಾರ್ಟ್‌ನಲ್ಲಿ ಟೂಲ್ ಎಳೆಯೋದೇ ಇಲ್ಲ. ಪಟ್ಟಿಗೆ ಬರುವಾಗ ಕ್ಯಾಂಡಲ್‌ಗಳು ದೊಡ್ಡದಾಗುತ್ತಿದ್ದರೆ ಮೊದಲ ಒಳ್ಳೇ ಕ್ಯಾಂಡಲ್ ಬಂದರೂ ಕೊಳ್ಳೋದಿಲ್ಲ. ಬೆಲೆ ಒಂದೆರಡು ದಿನ ಅಲ್ಲೇ ಕೂತು, ಮತ್ತೊಮ್ಮೆ ಕೆಳಗೆ ಹೋಗಿ, ಹಿಂದಿನ ಕನಿಷ್ಠವನ್ನು ಮುರಿಯದೆ ಬಂದರೆ ಆಗ ನೋಡುತ್ತೇನೆ.

ಕಂಪನಿಯ ಫಲಿತಾಂಶ ಬರುವ ದಿನ ಹತ್ತಿರ ಇದ್ದರೂ ಬಿಡುತ್ತೇನೆ. ಬೆಳಗ್ಗೆ ಬೆಲೆ ಪಟ್ಟಿಯನ್ನೇ ಹಾರಿ ಕೆಳಗೆ ತೆರೆದರೆ ಯಾವ ಮಟ್ಟವೂ, ಯಾವ ಸ್ಟಾಪ್ ಲಾಸೂ ಕಾಪಾಡೋದಿಲ್ಲ.

ಮೊದಲಿನ ಟ್ರೇಡ್‌ನಲ್ಲಿ ಉಳಿದ ಅರ್ಧದ ಕಥೆ ಇಷ್ಟು. ಸ್ಟಾಪನ್ನು ಹೊಸ ಸ್ವಿಂಗ್ ಲೋ ಕೆಳಗೆ, 466ಕ್ಕೆ ತಂದೆ. ಬೆಲೆ 486 ದಾಟಿ 497ಕ್ಕೆ ಹೋಯಿತು. ಹೊಸ ತುದಿ ಬಂದ ಕೂಡಲೇ ಹಳೇ ಗೆರೆಗಳನ್ನೆಲ್ಲ ಅಳಿಸಿದೆ, 486ನ್ನು ಹಿಡಿದು ಎಳೆದ ಆ ಅಳತೆಗೆ ಇನ್ನು ಅರ್ಥ ಇರಲಿಲ್ಲ. ಆಮೇಲೆ ಸ್ಟಾಪ್ 481ಕ್ಕೆ ಬಂದು ಅಲ್ಲೇ ಹೊರಬಂದೆ. ಅವತ್ತು ಸಂಜೆ ಖಾಲಿ ಚಾರ್ಟ್‌ನಲ್ಲಿ 486ರ ಹತ್ತಿರ ಒಂದು ಪಟ್ಟಿ ಎಳೆದಿಟ್ಟೆ. ಹೊಸ ಏರಿಕೆಯ ಬುಡ 445.6, ತುದಿ 497. 50ರ ಗೆರೆ 471.3ಕ್ಕೆ ಬರುತ್ತಿತ್ತು. 486ರ ಪಟ್ಟಿ 23.6ರ ಹತ್ತಿರ ಬಿದ್ದಿತ್ತು, 471ರಲ್ಲಿ ಹಳೇ ಮಟ್ಟ ಯಾವುದೂ ಇರಲಿಲ್ಲ. ಚಾರ್ಟ್ ಮುಚ್ಚಿದೆ.